ಹುಳು ಮನೆಯಿಂದ ಫೋನ್: ಒಂದು ನಿಮಿಷದ ಪಿಚ್

ಎಲ್ಲರಿಗೂ ನಮಸ್ಕಾರ. ಡೆಕ್‌ನಲ್ಲಿ 34 ಸ್ಲೈಡ್ ಇದೆ, ಅದನ್ನ ಆಮೇಲೆ ಮೇಲ್ ಮಾಡ್ತೀನಿ, ಈಗ ನಮ್ಮಮ್ಮನ ರೇಷ್ಮೆ ಹುಳು ಮನೆ ಬಗ್ಗೆ ಮಾತ್ರ ಹೇಳ್ತೀನಿ.

ರಾಮನಗರದ ಹತ್ರ ನಮ್ಮೂರು. ಹುಳು ನಾಲ್ಕು ಜ್ವರ ಎದ್ದು, ಅಂದ್ರೆ ನಾಲ್ಕು ಸಲ ಪೊರೆ ಬಿಟ್ಟು, ಕೊನೇ ಹಂತಕ್ಕೆ ಬಂದಾಗ ರಾಶಿ ರಾಶಿ ಸೊಪ್ಪು ತಿನ್ನುತ್ತೆ, ಆಗ ಒಳಗೆ 24-25 ಡಿಗ್ರಿ, ತೇವ 70 ಪರ್ಸೆಂಟ್ ಆಸುಪಾಸು ಇರ್ಬೇಕು. ಸೆಖೆ, ತೇವ ಎರಡೂ ಏರಿದ್ರೆ ಸಪ್ಪೆ ರೋಗ, ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಡೋ ಮುಂಚೇನೇ ಬೆಳೆ ತಿಪ್ಪೆಗೆ. ಅಮ್ಮ ರಾತ್ರಿ ಮೂರು ಸಲ ಎದ್ದು, ಟಾರ್ಚ್ ಹಿಡ್ಕೊಂಡು ಗೋಡೆ ಥರ್ಮಾಮೀಟರ್ ನೋಡ್ತಿದ್ರು.

ನಾವು ಮಾಡಿರೋದು 2,800 ರೂಪಾಯಿ ಡಬ್ಬಿ. ಸೆಖೆ, ತೇವ ಮಿತಿ ದಾಟಿದ್ರೆ ಮಾಮೂಲಿ ಕೀಪ್ಯಾಡ್ ಫೋನಿಗೇ ಕಾಲ್ ಬಂದು "ಕಿಟಕಿ ತೆಗೀರಿ" ಅಂತ ಕನ್ನಡದಲ್ಲೇ ಹೇಳುತ್ತೆ. ಆ್ಯಪ್ ಮೊದ್ಲು ಮಾಡಿದ್ವಿ, ಯಾರೂ ತೆಗೆದೇ ನೋಡ್ಲಿಲ್ಲ ಬಿಡಿ.

ಈಗ 42 ಹುಳು ಮನೇಲಿ ಓಡ್ತಿದೆ, 31 ಜನ ಎರಡನೇ ಬೆಳೆಗೂ ದುಡ್ಡು ಕೊಟ್ಟು ಮುಂದುವರ್ಸಿದಾರೆ. ನಾನು ಹಾರ್ಡ್‌ವೇರ್, ನನ್ನ ಪಾರ್ಟ್ನರ್ ಹತ್ತು ವರ್ಷ ಮರಿ ಹುಳು ಸಾಕೋ ಚಾಕಿ ಕೇಂದ್ರ ನಡೆಸಿದವರು.

1,000 ಮನೆ ಮುಟ್ಟೋಕೆ 40 ಲಕ್ಷ ಬೇಕು. ಡಬ್ಬಿ ಇಲ್ಲೇ ಬ್ಯಾಗಲ್ಲಿದೆ, ನಿಮ್ಮ ನಂಬರ್ ಕೊಡಿ, ಈಗ್ಲೇ ಕಾಲ್ ಬರುತ್ತೆ.