ಕಾರ್ಯಭಾರ ಹಸ್ತಾಂತರ ಟಿಪ್ಪಣಿ: ಶೇರ್ಡ್ ಡ್ರೈವ್‌ನ ವ್ಯವಸ್ಥೆ, ಫೋಲ್ಡರ್‌ಗಳ ಹೊಣೆಗಾರರು ಮತ್ತು ವಾಡಿಕೆಯ ಕೆಲಸಗಳು

ಇವರಿಗೆ: ನೂತನ ಕಚೇರಿ ಸಹಾಯಕರು
ಇವರಿಂದ: ನಿರ್ಗಮಿಸುತ್ತಿರುವ ಕಚೇರಿ ಸಹಾಯಕಿ
ಪ್ರತಿ: ಆಡಳಿತ ವಿಭಾಗದ ಮುಖ್ಯಸ್ಥರು

ಮಾನ್ಯರೇ,

ಈ ತಿಂಗಳ 28ರ ಸಂಜೆ ನಾನು ಈ ಹುದ್ದೆಯಿಂದ ಬಿಡುಗಡೆ ಹೊಂದುತ್ತಿದ್ದೇನೆ. ಐದು ವರ್ಷ ನೋಡಿಕೊಂಡ ಕೆಲಸವನ್ನು ನಿಮಗೆ ಒಪ್ಪಿಸುವ ಸಲುವಾಗಿ ಈ ಟಿಪ್ಪಣಿ ಬರೆದಿದ್ದೇನೆ. ನಾವಿಬ್ಬರೂ ಜೊತೆಯಲ್ಲಿ ಕೆಲಸ ಮಾಡಲು ಸಿಗುವುದು ಮೂರೇ ದಿನವಾದ್ದರಿಂದ, ಬಾಯಿಮಾತಿನಲ್ಲಿ ಹೇಳಿ ಮುಗಿಯದ ಸಂಗತಿಗಳಿಗೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ. ಇದರ ಪ್ರತಿಯೊಂದು `06_Templates` ಫೋಲ್ಡರ್‌ನಲ್ಲಿ `Handover.docx` ಎಂಬ ಹೆಸರಿನಲ್ಲಿದೆ. ಯಾವುದಾದರೂ ಕ್ರಮ ಬದಲಾದಾಗ ಅದನ್ನೂ ಅಂದೇ ತಿದ್ದಿ ಎಂದು ಕೋರುತ್ತೇನೆ.

ನಿಮ್ಮ ಕಂಪ್ಯೂಟರ್‌ನಲ್ಲಿ ಲಾಗಿನ್ ಆದ ಕೂಡಲೇ ಶೇರ್ಡ್ ಡ್ರೈವ್ `S:` ಎಂದು ಕಾಣಿಸುತ್ತದೆ. ಅದರ ಮೇಲ್ಮಟ್ಟದ ಫೋಲ್ಡರ್‌ಗಳು ಇಷ್ಟೇ:

```
S:\
  00_Scan_Inbox
  01_Accounts
  02_HR
  03_Purchase
  04_Letters
  05_Meetings
  06_Templates
  90_Archive
```

ಈ ಮಟ್ಟದಲ್ಲಿ ಹೊಸ ಫೋಲ್ಡರ್ ತೆರೆಯುವ ಅನುಮತಿ ಆಡಳಿತ ವಿಭಾಗದ ಮುಖ್ಯಸ್ಥರಿಗೆ ಮಾತ್ರ ಇದೆ. ತಮ್ಮ ವಿಭಾಗಕ್ಕೆ ಬೇರೆಯದೇ ಫೋಲ್ಡರ್ ಬೇಕೆಂದು ಆಗಾಗ ಯಾರಾದರೂ ಕೇಳುತ್ತಾರೆ. ಅಂಥವರನ್ನು ದಯವಿಟ್ಟು ಅವರ ಬಳಿಗೇ ಕಳುಹಿಸಿ; ಹಿಂದೊಮ್ಮೆ ಈ ಪಟ್ಟಿ 40 ದಾಟಿ, ಒಂದೇ ಪತ್ರ ಮೂರು ಕಡೆ ಮೂರು ರೂಪದಲ್ಲಿ ಸಿಗುವ ಸ್ಥಿತಿ ಬಂದಿತ್ತು.

ಪ್ರತಿ ಫೋಲ್ಡರ್‌ಗೂ ಒಬ್ಬ ಹೊಣೆಗಾರರಿದ್ದಾರೆ. `01_Accounts` ಹಿರಿಯ ಲೆಕ್ಕಿಗರದು, `02_HR` ಸಿಬ್ಬಂದಿ ವಿಭಾಗದ ಅಧಿಕಾರಿಯದು, `03_Purchase` ಖರೀದಿ ವಿಭಾಗದ ಮೇಲ್ವಿಚಾರಕರದು. `00`, `04`, `05` ಮತ್ತು `06` ಇನ್ನು ಮುಂದೆ ನಿಮ್ಮವು. `90_Archive` ಆಡಳಿತ ಮುಖ್ಯಸ್ಥರ ಹೊಣೆಯಾದರೂ, ಅಲ್ಲಿಗೆ ಕಡತಗಳನ್ನು ಸಾಗಿಸುವ ಕೆಲಸ ನಿಮ್ಮದೇ. `02_HR` ಒಳಗೆ ನಿಮಗೆ ಕಾಣುವುದು `Leave_Register` ಒಂದೇ. ಉಳಿದವು ಕಾಣದಿರುವುದು ದೋಷವಲ್ಲ, ಹಾಗೆಯೇ ಇರಬೇಕು. ಬೇರೆಯವರ ಫೋಲ್ಡರ್‌ಗೆ ಯಾರಾದರೂ ಪ್ರವೇಶ ಕೇಳಿದರೆ, ಅವರು ಎಷ್ಟೇ ಹಿರಿಯರಾಗಿದ್ದರೂ, ಆ ಫೋಲ್ಡರ್‌ನ ಹೊಣೆಗಾರರ ಲಿಖಿತ ಒಪ್ಪಿಗೆ ಇಮೇಲ್‌ನಲ್ಲಿ ಬಂದ ಮೇಲಷ್ಟೇ ಕಂಪ್ಯೂಟರ್ ವಿಭಾಗಕ್ಕೆ ಕೋರಿಕೆ ಕಳುಹಿಸಿ.

ಕಡತಗಳಿಗೆ ಹೆಸರಿಡುವಾಗ ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಮೊದಲು ಬರೆಯುತ್ತೇವೆ, ಉದಾಹರಣೆಗೆ `2025-03-07_Rent_Reply.pdf`. ಹೀಗೆ ಬರೆದರೆ ಹೆಸರಿನ ಪ್ರಕಾರ ಜೋಡಿಸಿದಾಗ ಪತ್ರಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ದಿನವನ್ನು ಮೊದಲು ಬರೆದರೆ ಬೇರೆ ಬೇರೆ ತಿಂಗಳ 7ನೇ ತಾರೀಖಿನ ಪತ್ರಗಳೆಲ್ಲ ಒಂದೆಡೆ ಸೇರಿಬಿಡುತ್ತವೆ. `Final`, `Final_New` ಮುಂತಾದ ಹೆಸರುಗಳನ್ನು ಬಿಟ್ಟು `v1`, `v2` ಬಳಸಿ. ಫೋಲ್ಡರ್‌ನೊಳಗೆ ಫೋಲ್ಡರ್ ಮಾಡುತ್ತಾ ನಾಲ್ಕು ಹಂತ ದಾಟಬೇಡಿ, ಏಕೆಂದರೆ ಫೋಲ್ಡರ್‌ಗಳ ಹೆಸರೂ ಸೇರಿ ಪೂರ್ತಿ ವಿಳಾಸ 260 ಅಕ್ಷರಗಳ ಆಸುಪಾಸಿಗೆ ಬಂದಾಗ ವಿಂಡೋಸ್‌ನ ಹಲವು ಪ್ರೋಗ್ರಾಂಗಳಲ್ಲಿ ಕಡತವನ್ನು ತೆರೆಯಲೂ ನಕಲಿಸಲೂ ತೊಡಕಾಗುತ್ತದೆ.

ಅಳಿಸುವ ವಿಷಯದಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು. ನಿಮ್ಮ ಕಂಪ್ಯೂಟರ್‌ನಲ್ಲಿ ಅಳಿಸಿದ ಕಡತ ರಿಸೈಕಲ್ ಬಿನ್‌ಗೆ ಹೋಗುತ್ತದೆ, ಆದರೆ `S:` ಡ್ರೈವ್‌ನಲ್ಲಿ ಅಳಿಸಿದ್ದು ಅಲ್ಲಿಗೆ ಹೋಗದೆ ನೇರವಾಗಿ ಇಲ್ಲವಾಗುತ್ತದೆ. ನಾನು ಸೇರಿದ ಮೊದಲ ವರ್ಷ, ನಕಲು ಎಂದು ಭಾವಿಸಿ ಟೆಂಡರ್ ಪತ್ರಗಳ ಒಂದು ಫೋಲ್ಡರ್ ಅಳಿಸಿದ್ದೆ. ಅದೇ ಮೂಲವೆಂದು ತಿಳಿದದ್ದು ಎರಡು ದಿನಗಳ ನಂತರ. ಕಂಪ್ಯೂಟರ್ ವಿಭಾಗದವರು ಪ್ರತಿ ರಾತ್ರಿ ತೆಗೆಯುವ ಬ್ಯಾಕಪ್‌ನಿಂದ ಅದು ಮರಳಿ ಸಿಕ್ಕಿತು, ಆದರೂ ಅಷ್ಟರೊಳಗೆ ಖರೀದಿ ವಿಭಾಗದವರು ಒಂದು ದಿನವಿಡೀ ಹುಡುಕಾಡಿದ್ದರು. ಬ್ಯಾಕಪ್ ಇಟ್ಟಿರುವುದು 30 ದಿನಗಳ ಮಟ್ಟಿಗೆ ಮಾತ್ರ. ಹಾಗಾಗಿ ಬೇಡವೆನಿಸಿದ ಕಡತವನ್ನು ಮೊದಲು `90_Archive\To_Delete` ಫೋಲ್ಡರ್‌ಗೆ ಸಾಗಿಸಿ, ಹೊಣೆಗಾರರಿಗೆ ತಿಳಿಸಿ, ಅವರು ಒಪ್ಪಿದ ಮೇಲೂ ಒಂದು ತಿಂಗಳು ಬಿಟ್ಟು ಅಳಿಸಿ.

ಸಾಗಿಸುವಾಗಲೂ ಒಂದು ಸೂಕ್ಷ್ಮವಿದೆ. ಡ್ರೈವ್‌ನೊಳಗೇ ಕಟ್ ಮಾಡಿ ಪೇಸ್ಟ್ ಮಾಡಿದ ಕಡತ ತನ್ನ ಹಳೆಯ ಅನುಮತಿಗಳನ್ನೇ ಹೊತ್ತು ಬರಬಹುದು. ಆಗ ಹೊಸ ಫೋಲ್ಡರ್‌ನ ಬಳಕೆದಾರರಿಗೆ ಅದು ತೆರೆಯುವುದಿಲ್ಲ. ಕಾಪಿ ಮಾಡಿದರೆ ಹೊಸ ಜಾಗದ ಅನುಮತಿಗಳು ಅನ್ವಯಿಸುತ್ತವೆ. ವಿಭಾಗದಿಂದ ವಿಭಾಗಕ್ಕೆ ಕಡತ ಹೋಗಬೇಕಾದಾಗ ಮೊದಲು ಕಾಪಿ ಮಾಡಿ, ಅಲ್ಲಿ ತೆರೆಯುತ್ತದೆಂದು ಖಚಿತಪಡಿಸಿಕೊಂಡು, ಆಮೇಲೆ ಹಳೆಯದನ್ನು `To_Delete` ಫೋಲ್ಡರ್‌ಗೆ ಹಾಕಿ.

ಎಕ್ಸೆಲ್ ವಹಿ ತೆರೆದಾಗ `Read-Only` ಎಂದು ಬಂದರೆ ಬೇರೊಬ್ಬರು ಅದನ್ನು ತೆರೆದಿಟ್ಟಿದ್ದಾರೆ ಎಂದರ್ಥ. ಯಾರೆಂದು ಪರದೆಯ ಮೇಲೆಯೇ ತೋರಿಸುತ್ತದೆ. ಅವರಿಗೆ ಮುಚ್ಚಲು ಹೇಳಿ ಕಾಯಿರಿ. ಬೇರೆ ಹೆಸರಿನಲ್ಲಿ ಉಳಿಸಿಕೊಂಡರೆ ಆ ಕ್ಷಣದಿಂದ ಎರಡು ವಹಿಗಳಾಗುತ್ತವೆ. ಆವಕ-ಜಾವಕ ವಹಿಯಲ್ಲಿ ಹೀಗಾದರೆ ಒಂದೇ ಸಂಖ್ಯೆ ಎರಡು ಪತ್ರಗಳಿಗೆ ಬೀಳುತ್ತದೆ.

ಇನ್ನು ವಾಡಿಕೆಯ ಕೆಲಸಗಳು. ಬೆಳಿಗ್ಗೆ ಬಂದ ಟಪಾಲನ್ನು 11 ಗಂಟೆಯೊಳಗೆ ಸ್ಕ್ಯಾನ್ ಮಾಡಿ, `04_Letters\Register.xlsx` ಆವಕ ಹಾಳೆಯಲ್ಲಿ ಸಂಖ್ಯೆ ಹಾಕಿ, ಆಯಾ ವಿಭಾಗಕ್ಕೆ ಮೂಲಪತ್ರ ತಲುಪಿಸಿ ಸಹಿ ಪಡೆಯಬೇಕು. ಸ್ಕ್ಯಾನರ್‌ನಿಂದ ಬರುವುದೆಲ್ಲ `00_Scan_Inbox` ಫೋಲ್ಡರ್‌ನಲ್ಲಿ ಬೀಳುತ್ತದೆ, ಮತ್ತು ಅದು ಎಲ್ಲರಿಗೂ ಕಾಣುವ ಜಾಗ. ಆದ್ದರಿಂದ ಸಿಬ್ಬಂದಿಯ ಗುರುತಿನ ದಾಖಲೆ ಅಥವಾ ವೈದ್ಯಕೀಯ ಪತ್ರಗಳನ್ನು ಸ್ಕ್ಯಾನ್ ಮಾಡಿದರೆ ತಕ್ಷಣ ಸಿಬ್ಬಂದಿ ವಿಭಾಗದ ಅಧಿಕಾರಿಗೆ ತಲುಪಿಸಿ, ಅವರಿಗೆ ತಲುಪಿತೆಂದು ಕೇಳಿಕೊಂಡು, ಅಲ್ಲಿಂದ ತೆಗೆದುಬಿಡಿ. ಮೂಲ ಅವರ ಬಳಿಯೇ ಇರುವುದರಿಂದ ಇದೊಂದಕ್ಕೆ ಒಂದು ತಿಂಗಳ ನಿಯಮ ಅನ್ವಯಿಸುವುದಿಲ್ಲ. ಸಂಜೆ ಹೊರಡುವ ಮುನ್ನ ಆ ಫೋಲ್ಡರ್ ಖಾಲಿಯಿರಬೇಕು. ಈ ಒಂದು ಅಭ್ಯಾಸವನ್ನು ಬಿಡಬೇಡಿ ಎಂದು ಮನಸಾರೆ ಕೇಳಿಕೊಳ್ಳುತ್ತೇನೆ.

ಸೋಮವಾರ ಬೆಳಿಗ್ಗೆ ವಾರದ ಸಭೆಯ ಕಾರ್ಯಸೂಚಿಯನ್ನು ಕಳುಹಿಸಿ, ಸಭೆಯ ನಡಾವಳಿಯನ್ನು ಬುಧವಾರದೊಳಗೆ `05_Meetings` ಫೋಲ್ಡರ್‌ಗೆ ಹಾಕಿ. ಶುಕ್ರವಾರ ಲೇಖನ ಸಾಮಗ್ರಿಗಳ ದಾಸ್ತಾನು ನೋಡಿ, ಪ್ರಿಂಟರ್ ಕಾಗದ ಐದು ರೀಮ್‌ಗಿಂತ ಕಡಿಮೆಯಿದ್ದರೆ ಖರೀದಿ ವಿಭಾಗಕ್ಕೆ ಬೇಡಿಕೆ ಸಲ್ಲಿಸಿ. ಅವರಿಗೆ ಕನಿಷ್ಠ ನಾಲ್ಕು ಕೆಲಸದ ದಿನಗಳು ಬೇಕಾಗುತ್ತವೆ. ಪ್ರತಿ ತಿಂಗಳ 25ರೊಳಗೆ ಪೆಟ್ಟಿ ಕ್ಯಾಶ್ ವೋಚರ್‌ಗಳನ್ನು ಕ್ರಮಸಂಖ್ಯೆಯಂತೆ ಜೋಡಿಸಿ, ಕೈಯಲ್ಲಿರುವ ನಗದಿನೊಂದಿಗೆ ತಾಳೆ ನೋಡಿ ಹಿರಿಯ ಲೆಕ್ಕಿಗರಿಗೆ ಒಪ್ಪಿಸಬೇಕು. ವ್ಯತ್ಯಾಸ ಕಂಡರೆ ಎಷ್ಟೇ ಸಣ್ಣದಿದ್ದರೂ ನಿಮ್ಮ ಕೈಯಿಂದ ತುಂಬಿಸಬೇಡಿ, ಇದ್ದದ್ದನ್ನು ಇದ್ದಂತೆಯೇ ಬರೆದು ಕೊಡಿ. ಲೆಕ್ಕದ ವರ್ಷ ಮುಗಿದ ಮೇಲೆ ಹಳೆಯ ಪತ್ರಗಳು `90_Archive` ಒಳಗಿನ ಆ ವರ್ಷದ ಫೋಲ್ಡರ್‌ಗೆ ಹೋಗುತ್ತವೆ, ಆದರೆ ಲೆಕ್ಕಪರಿಶೋಧನೆ ಮುಗಿದಿದೆಯೆಂದು ಲೆಕ್ಕಿಗರು ತಿಳಿಸುವವರೆಗೆ `01_Accounts` ಫೋಲ್ಡರ್ ಮುಟ್ಟಬೇಡಿ.

ಸದ್ಯ ಬಾಕಿ ಇರುವುದು ಮೂರು. ಎರಡನೇ ಮಹಡಿಯ ಪ್ರಿಂಟರ್ ದುರಸ್ತಿಗೆ ದೂರು ಕೊಟ್ಟಿದ್ದೇನೆ, ತಂತ್ರಜ್ಞರು ಇನ್ನೂ ಬಂದಿಲ್ಲ. ಆವಕ ಸಂಖ್ಯೆ 412ರ ಪತ್ರಕ್ಕೆ ಉತ್ತರದ ಕರಡು ಆಡಳಿತ ಮುಖ್ಯಸ್ಥರ ಮೇಜಿನ ಮೇಲಿದೆ. `04_Letters` ಒಳಗಿನ `Misc` ಫೋಲ್ಡರ್‌ನ ಪತ್ರಗಳಲ್ಲಿ ಸುಮಾರು 60 ಇನ್ನೂ ವಿಂಗಡಣೆಯಾಗಿಲ್ಲ. ಅದನ್ನು ಮುಗಿಸಿ ಕೊಡಲಾಗದ್ದಕ್ಕೆ ವಿಷಾದವಿದೆ.

ಸ್ಟೇಷನರಿ ಕಪಾಟಿನ ಎರಡು ಬೀಗದ ಕೈಗಳು, ಪೆಟ್ಟಿ ಕ್ಯಾಶ್ ಪೆಟ್ಟಿಗೆ ಮತ್ತು ಕಚೇರಿಯ ರಬ್ಬರ್ ಮೊಹರುಗಳನ್ನು 28ರಂದು ಮಧ್ಯಾಹ್ನ 3 ಗಂಟೆಗೆ ಆಡಳಿತ ಮುಖ್ಯಸ್ಥರ ಸಮ್ಮುಖದಲ್ಲಿ ನಿಮಗೆ ಒಪ್ಪಿಸುತ್ತೇನೆ. ನನ್ನ ಪಾಸ್‌ವರ್ಡ್ ಯಾರಿಗೂ ಕೊಡುವುದಿಲ್ಲ. ಆ ಖಾತೆ ಅಂದೇ ಸಂಜೆ ಮುಚ್ಚುತ್ತದೆ, ನಿಮ್ಮ ಖಾತೆಗೆ ಬೇಕಾದ ಅನುಮತಿಗಳು ಈಗಾಗಲೇ ಬಂದಿವೆ. ನಗದನ್ನು ನೀವೇ ಎಣಿಸಿ, ವಹಿಯ ಮೊತ್ತಕ್ಕೆ ಸರಿಹೊಂದಿದ ಮೇಲಷ್ಟೇ ಸಹಿ ಮಾಡಿ.

ಇತಿ,
ಕಚೇರಿ ಸಹಾಯಕಿ, ಆಡಳಿತ ವಿಭಾಗ