ಶಾಲೆಯ ಅಂಗಳದಲ್ಲಿ ಪುಸ್ತಕ ಮೇಳ: ಈ ಸಲ ಆಯ್ಕೆ ಮಕ್ಕಳದು

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಹೊಸಕೊಪ್ಪ, ಸಾಗರ ತಾಲ್ಲೂಕು
2026ರ ನವೆಂಬರ್ 14, ಶನಿವಾರ ಮತ್ತು 15, ಭಾನುವಾರ
ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ
ಪ್ರವೇಶ ಉಚಿತ

ಮಾನ್ಯ ಪೋಷಕರೇ, ಹಳೆಯ ವಿದ್ಯಾರ್ಥಿಗಳೇ, ಊರಿನ ಹಿರಿಯರೇ,

ಪುಸ್ತಕಗಳು ನಮ್ಮೂರಿಗೇ ಬರುತ್ತಿವೆ. ನೀವು ಶಾಲೆಯವರೆಗೆ ಬಂದರೆ ಸಾಕು.

ನಮ್ಮ ಮಕ್ಕಳು ಪುಸ್ತಕದ ಅಂಗಡಿಯನ್ನು ನೋಡಬೇಕಾದರೆ ಬಸ್ಸು ಹತ್ತಿ ಪೇಟೆಗೆ ಹೋಗಬೇಕು. ಹೋದಾಗಲೂ ನೋಟ್‌ಬುಕ್, ಜಾಮಿಟ್ರಿ ಬಾಕ್ಸ್, ಗೈಡ್ ಇಷ್ಟನ್ನು ಕೊಳ್ಳುವಷ್ಟರಲ್ಲಿ ಹಿಂದಿರುಗುವ ಬಸ್ಸಿಗೆ ಹೊತ್ತಾಗಿರುತ್ತದೆ. ಕಪಾಟಿನ ಮುಂದೆ ನಿಂತು, ಒಂದೊಂದೇ ಪುಸ್ತಕವನ್ನು ಹೊರಗೆಳೆದು, ಚಿತ್ರ ನೋಡಿ, ನಾಲ್ಕು ಸಾಲು ಓದಿ, ಇದು ಬೇಡ ಎಂದು ಅಲ್ಲೇ ಇಟ್ಟು ಇನ್ನೊಂದಕ್ಕೆ ಕೈ ಹಾಕುವ ಬಿಡುವು ಅವರಿಗೆ ಸಿಗುವುದೇ ಇಲ್ಲ. ಆ ಬಿಡುವನ್ನು ಕೊಡುವುದಕ್ಕಾಗಿಯೇ ಶಾಲಾಭಿವೃದ್ಧಿ ಸಮಿತಿ ಮತ್ತು ಶಿಕ್ಷಕರು ಸೇರಿ ಈ ಮೇಳವನ್ನು ಏರ್ಪಡಿಸಿದ್ದೇವೆ.

ಮುಟ್ಟಿ ನೋಡಿ. ತೆರೆದು ಓದಿ. ಹಿಡಿಸಿದರೆ ಕೊಳ್ಳಿ. ಹಿಡಿಸದಿದ್ದರೆ ಇಟ್ಟುಬಿಡಿ, ಯಾರೂ ಏನೂ ಅನ್ನುವುದಿಲ್ಲ.

ಪುಸ್ತಕವನ್ನು ಮಗುವೇ ಆರಿಸಲಿ

ಈ ಕರಪತ್ರದಲ್ಲಿ ನಾವು ನಿಮ್ಮನ್ನು ಕೇಳಿಕೊಳ್ಳುತ್ತಿರುವ ಮುಖ್ಯ ಮಾತು ಇದು. ಮೇಳಕ್ಕೆ ಬಂದ ಮಗು ಹುಲಿಯ ಕಥೆಯನ್ನು ಎತ್ತಿಕೊಂಡರೆ ಅದನ್ನು ಕಸಿದು ಸಾಮಾನ್ಯ ಜ್ಞಾನದ ಪುಸ್ತಕವನ್ನು ಕೈಗಿಡಬೇಡಿ. ಆರನೇ ತರಗತಿಯ ಹುಡುಗ ಮೂರನೇ ತರಗತಿಯವರು ಓದುವ ಚಿತ್ರಪುಸ್ತಕವನ್ನು ಬಯಸಿದರೆ ನಾಚಿಕೆಯಾಗುವಂತೆ ಮಾತನಾಡಬೇಡಿ. ಪಠ್ಯಪುಸ್ತಕವನ್ನು ಸರ್ಕಾರ ಆರಿಸುತ್ತದೆ, ಗೈಡನ್ನು ನಾವು ಆರಿಸುತ್ತೇವೆ. ಮಗು ತಾನಾಗಿ ಆರಿಸಿದ ಪುಸ್ತಕ ಎಂದು ಮನೆಯಲ್ಲಿ ಒಂದಾದರೂ ಇರಬೇಡವೇ? ತಾನೇ ಆರಿಸಿದ್ದನ್ನು ಮಗು ಕೊನೆಯವರೆಗೆ ಓದುತ್ತದೆ, ಎರಡನೇ ಸಲವೂ ಓದುತ್ತದೆ, ತಂಗಿಗೂ ಓದಿ ಹೇಳುತ್ತದೆ. ಓದು ರೂಢಿಯಾಗುವುದು ಹೀಗೆಯೇ ಎಂಬುದನ್ನು ನಮ್ಮ ಶಿಕ್ಷಕರು ಗ್ರಂಥಾಲಯದ ಅವಧಿಯಲ್ಲಿ ಪ್ರತಿ ವಾರ ಕಾಣುತ್ತಿದ್ದಾರೆ.

ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ, ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡು ಹೀಗಿವೆ: ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಒಳ್ಳೆಯ ಪುಸ್ತಕ, ಕೆಟ್ಟ ಪುಸ್ತಕ ಎಂದು ದೊಡ್ಡವರು ಮೊದಲೇ ತೀರ್ಮಾನಿಸಿಬಿಟ್ಟರೆ ಈ ಭೇಟಿ ಆಗುವುದೇ ಇಲ್ಲ. ಆದ್ದರಿಂದ ಬೆಲೆಯ ಮಿತಿಯನ್ನು ನೀವು ಹೇಳಿ, ಪುಸ್ತಕವನ್ನು ಮಗುವಿಗೆ ಬಿಡಿ.

ಹುಂಡಿಯ ದುಡ್ಡು ಸಿದ್ಧವಾಗಿದೆ

ಜೂನ್ ತಿಂಗಳಲ್ಲಿ ಶಾಲೆ ಆರಂಭವಾದಾಗಲೇ ನಾಲ್ಕರಿಂದ ಏಳನೇ ತರಗತಿಯ ಮಕ್ಕಳು ಮಣ್ಣಿನ ಹುಂಡಿಗಳಲ್ಲಿ ಮೇಳಕ್ಕೆಂದು ನಾಣ್ಯ ಕೂಡಿಸಲು ತೊಡಗಿದ್ದಾರೆ. ಅಂಗಡಿಯ ಚಿಲ್ಲರೆ ಬಂದಿದೆ, ಅಜ್ಜಿ ಕೊಟ್ಟದ್ದು ಬಂದಿದೆ, ದೀಪಾವಳಿಗೆ ನೆಂಟರು ಕೈಗಿಟ್ಟದ್ದೂ ಬಂದಿದೆ. ಶನಿವಾರ ಬೆಳಿಗ್ಗೆ ಪ್ರಾರ್ಥನೆಯ ನಂತರ ಮಕ್ಕಳು ತಮ್ಮ ಹುಂಡಿಗಳನ್ನು ತಾವೇ ಒಡೆದು, ಎಣಿಸಿ, ಚೀಟಿಯಲ್ಲಿ ಬರೆದುಕೊಂಡು ಮೇಜುಗಳತ್ತ ಹೊರಡುತ್ತಾರೆ. ಹುಂಡಿ ತುಂಬದ ಮಗುವೂ ಬರಿಗೈಯಲ್ಲಿ ಹೋಗುವುದಿಲ್ಲ. ಹಳೆಯ ವಿದ್ಯಾರ್ಥಿಗಳು ಕೊಟ್ಟ ಹಣದಿಂದ ಒಂದರಿಂದ ಏಳನೇ ತರಗತಿಯ ಪ್ರತಿಯೊಬ್ಬರಿಗೂ ಐವತ್ತು ರೂಪಾಯಿಯ ಪುಸ್ತಕದ ಚೀಟಿಯನ್ನು ಕೊಡಲಾಗುತ್ತದೆ. ಚೀಟಿ ಎಲ್ಲರಿಗೂ ಒಂದೇ ಬಣ್ಣದ್ದು, ಒಂದೇ ಮೊತ್ತದ್ದು. ಯಾರ ಮನೆಯಲ್ಲಿ ಎಷ್ಟಿದೆ ಎಂಬುದು ಮೇಜಿನ ಮುಂದೆ ಗೊತ್ತಾಗಬಾರದು ಎಂದು ಸಮಿತಿ ಯೋಚಿಸಿಯೇ ಹೀಗೆ ಮಾಡಿದೆ.

ಏನೆಲ್ಲ ಇರುತ್ತದೆ

ಶಿವಮೊಗ್ಗ ಮತ್ತು ಸಾಗರದ ಪುಸ್ತಕ ವ್ಯಾಪಾರಿಗಳು ಹನ್ನೆರಡು ಮೇಜು ಹಾಕುತ್ತಾರೆ. ಇಪ್ಪತ್ತು ರೂಪಾಯಿಯ ಚಿತ್ರಪುಸ್ತಕದಿಂದ ಹಿಡಿದು ದಪ್ಪ ನಿಘಂಟಿನವರೆಗೆ ಎಲ್ಲವೂ ಬರುತ್ತದೆ. ಹಕ್ಕಿ, ಹಾವು, ಕಾಡು, ನಕ್ಷತ್ರಗಳ ಬಗೆಗಿನ ಪುಸ್ತಕಗಳನ್ನು ನಾವು ಹೆಚ್ಚಾಗಿ ಕೇಳಿ ತರಿಸಿದ್ದೇವೆ, ಏಕೆಂದರೆ ಮಲೆನಾಡಿನ ಮಗು ದಾರಿಯಲ್ಲಿ ದಿನವೂ ಕಾಣುವ ಹಕ್ಕಿಯ ಹೆಸರು ಮತ್ತು ಸ್ವಭಾವ ಅದಕ್ಕೆ ಗೊತ್ತಿರಬೇಕು. ದೊಡ್ಡವರಿಗೆ ಕಥೆ, ಕಾದಂಬರಿ, ಕೃಷಿ ಮತ್ತು ಆರೋಗ್ಯದ ಪುಸ್ತಕಗಳಿಗಾಗಿ ಬೇರೆಯೇ ಮೇಜುಗಳಿವೆ. ಮೇಳದಲ್ಲಿ ಕೊಳ್ಳುವ ಎಲ್ಲ ಪುಸ್ತಕಗಳಿಗೂ ಕನಿಷ್ಠ ಶೇ 10ರಷ್ಟು ರಿಯಾಯಿತಿಯನ್ನು ವ್ಯಾಪಾರಿಗಳು ಒಪ್ಪಿಕೊಂಡಿದ್ದಾರೆ.

ಒಂದು ಮೇಜಿನಲ್ಲಿ ದುಡ್ಡೇ ಬೇಕಾಗಿಲ್ಲ. ಮನೆಯಲ್ಲಿ ಓದಿ ಮುಗಿಸಿದ ಒಂದು ಕಥೆಪುಸ್ತಕವನ್ನು ಕೊಟ್ಟು ಅಲ್ಲಿಂದ ಇನ್ನೊಂದನ್ನು ಒಯ್ಯಬಹುದು. ಹರಿದ ಪುಸ್ತಕಕ್ಕೆ ಬೈಂಡು ಹಾಕುವುದನ್ನು ನಮ್ಮ ಕರಕುಶಲ ಶಿಕ್ಷಕರು ಭಾನುವಾರ ಮಧ್ಯಾಹ್ನ 3ಕ್ಕೆ ಕಲಿಸಿಕೊಡುತ್ತಾರೆ. ಎರಡೂ ದಿನ ಸಂಜೆ 5ಕ್ಕೆ ಊರಿನ ಅಜ್ಜ ಅಜ್ಜಿಯರು ಹಲಸಿನ ಮರದ ಕಟ್ಟೆಯಲ್ಲಿ ಕಥೆ ಹೇಳುತ್ತಾರೆ.

ಕೊಯ್ಲಿನ ಕಾಲ ಎಂದು ತಪ್ಪಿಸಿಕೊಳ್ಳಬೇಡಿ

ಅಡಿಕೆ ಕೊಯ್ಲು ಶುರುವಾಗಿದೆ, ಹಗಲು ತೋಟ, ರಾತ್ರಿ ಸುಲಿಯುವ ಕೆಲಸ ಎಂಬುದು ನಮಗೆ ಗೊತ್ತಿದೆ. ಅದಕ್ಕಾಗಿಯೇ ಮೇಳವನ್ನು ರಾತ್ರಿ 8ರವರೆಗೆ ತೆರೆದಿಡುತ್ತೇವೆ. ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ತಾಯಂದಿರು ಬನ್ನಿ, ತಂದೆಯರೂ ಬನ್ನಿ. ನಮಗೆ ಓದಲು ಬರುವುದಿಲ್ಲ ಎಂದು ಹಿಂಜರಿಯುವವರು ಖಂಡಿತ ಬನ್ನಿ, ಮಗು ನಿಮಗೆ ಓದಿ ಹೇಳುವುದಕ್ಕೆಂದೇ ಅಂಗಳದಲ್ಲಿ ಚಾಪೆಗಳನ್ನು ಹಾಸಿರುತ್ತೇವೆ.

ಹಾವೇರಿ ಸೀಮೆಯ ಗಳಗನಾಥರು ಕನ್ನಡಿಗರು ಓದಲಿ ಎಂಬ ಒಂದೇ ಹಂಬಲದಿಂದ ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದರು. ಪಾಂಡವಪುರದ ಹತ್ತಿರದ ಹರಳಹಳ್ಳಿಯಲ್ಲಿ, ಸಕ್ಕರೆ ಕಾರ್ಖಾನೆಯ ನೌಕರರಾಗಿದ್ದ ಅಂಕೇಗೌಡರು ಗಳಿಕೆಯ ದೊಡ್ಡ ಪಾಲನ್ನು ಪುಸ್ತಕಕ್ಕೆ ಸುರಿದು ಲಕ್ಷಾಂತರ ಪುಸ್ತಕಗಳ ಮನೆಯನ್ನೇ ಕಟ್ಟಿದರು. ನಾವು ನಿಮ್ಮಿಂದ ಕೇಳುತ್ತಿರುವುದು ಮಗುವಿಗೆ ಒಂದು ಪುಸ್ತಕ ಮತ್ತು ಅದನ್ನು ಆರಿಸಿಕೊಳ್ಳಲು ಅರ್ಧ ಗಂಟೆ, ಅಷ್ಟೇ.

ಬರುವ ಮುನ್ನ ತಿಳಿದಿರಲಿ

ನಗದು ಮತ್ತು ಯುಪಿಐ ಎರಡೂ ನಡೆಯುತ್ತದೆ. ಆದರೆ ಶಾಲೆಯ ಬಳಿ ನೆಟ್‌ವರ್ಕ್ ಆಗಾಗ ಕೈಕೊಡುವುದರಿಂದ ಸ್ವಲ್ಪ ಚಿಲ್ಲರೆ ತನ್ನಿ. ಬಟ್ಟೆಯ ಚೀಲವನ್ನೂ ತನ್ನಿ, ಪ್ಲಾಸ್ಟಿಕ್ ಚೀಲವನ್ನು ಕೊಡುವುದಿಲ್ಲ. ವಾಹನಗಳನ್ನು ಆಟದ ಮೈದಾನದ ಪೂರ್ವದ ಗೇಟಿನಿಂದ ತಂದು ನಿಲ್ಲಿಸಿ. ಬೇರೆ ಶಾಲೆಯ ಮಕ್ಕಳಿಗೂ ಸ್ವಾಗತವಿದೆ. ತಂಡವಾಗಿ ಬರುವ ಶಾಲೆಗಳು ಗುರುವಾರದೊಳಗೆ ನಮ್ಮ ಕಚೇರಿಗೆ ತಿಳಿಸಿದರೆ ಶನಿವಾರ ಮಧ್ಯಾಹ್ನದ ಊಟಕ್ಕೆ ವ್ಯವಸ್ಥೆ ಮಾಡುತ್ತೇವೆ. ವಿನಿಮಯದ ಮೇಜಿಗೆ ಕೊಡುವ ಪುಸ್ತಕಗಳನ್ನು ಶುಕ್ರವಾರ ಸಂಜೆ 4ರೊಳಗೆ ಮಕ್ಕಳ ಕೈಯಲ್ಲೇ ಕಳುಹಿಸಿಕೊಡಿ.

ಮುಖ್ಯ ಶಿಕ್ಷಕರು, ಶಿಕ್ಷಕವೃಂದ ಮತ್ತು ಶಾಲಾಭಿವೃದ್ಧಿ ಹಾಗೂ ಮೇಲುಸ್ತುವಾರಿ ಸಮಿತಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಹೊಸಕೊಪ್ಪ