ಲೋಗೊ ಎರಡನೇ ಸುತ್ತು: ಈ ಸಲ ಮೂರು ಬೇಡ, ಒಂದೇ ದಾರಿ

ನಮಸ್ಕಾರ ಮೇಡಂ,

ಸೋಮವಾರದ ಮೀಟಿಂಗ್ ಆದ ಮೇಲೆ ಎರಡು ದಿನ ಏನೂ ಬರೆಯಲಿಲ್ಲ, ಕ್ಷಮಿಸಿ. ನಿಮ್ಮ ಫಿಸಿಯೋಥೆರಪಿ ಕೇಂದ್ರಕ್ಕೆ ನಾನು ತಂದ ಲೋಗೊಗಳಲ್ಲಿ ಮೂರಕ್ಕೆ ಮೂರೂ ಬೇಡ ಅಂದಾಗ ಸ್ವಲ್ಪ ಬೇಜಾರಾಗಿದ್ದು ನಿಜ. ಆದರೆ ತಡವಾಗಿದ್ದು ಅದಕ್ಕಲ್ಲ. ಆವತ್ತು ನೀವೂ ಪಾರ್ಟ್ನರ್ ಸರ್ ಕೂಡ ಹೇಳಿದ್ದನ್ನೆಲ್ಲ ಗೀಚಿಕೊಂಡಿದ್ದೆ. ಅದನ್ನು ತಿರುಗಿ ತಿರುಗಿ ಓದುತ್ತಿದ್ದೆ. ಈಗ ನನಗೆ ಒಂದು ದಾರಿ ಕಾಣುತ್ತಿದೆ. ಚಿತ್ರ ಬರೆಯುವ ಮೊದಲು ಅದನ್ನು ಮಾತಿನಲ್ಲೇ ನಿಮ್ಮ ಮುಂದಿಡುತ್ತೇನೆ.

ಮೊದಲು ಹಳೆಯ ಮೂರರ ಬಗ್ಗೆ. ಕೈ ಮೇಲೆತ್ತಿ ಜಿಗಿಯುವ ಮನುಷ್ಯನ ಲೋಗೊ ನೋಡಿ ನೀವು ಕೇಳಿದಿರಿ: "ನಮ್ಮ ಬಾಗಿಲ ಮುಂದಿನ ಮೆಟ್ಟಿಲು ಹತ್ತೋಕೇ ಕಷ್ಟಪಡೋರು ನಮ್ಮಲ್ಲಿಗೆ ಬರೋದು. ಈ ಜಿಗಿಯೋನು ಯಾರು?" ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಫಿಸಿಯೋಥೆರಪಿ ಅಂದ ಕೂಡಲೇ ಎಲ್ಲರ ಕೈಗೂ ಬರುವ ಚಿತ್ರ ಅದು, ನನ್ನ ಕೈಗೂ ಬಂತು. ಎರಡನೆಯದು ಒಂದರೊಳಗೊಂದು ಸೇರಿದ ಉಂಗುರಗಳು. ಅದನ್ನು ನೋಡಿ ಸರ್ "ಬ್ಯಾಂಕ್ ಥರ ಇದೆ" ಅಂದರು. ನನಗೆ ಅದು ಇಷ್ಟವಿತ್ತು, ಹೇಳಿಬಿಡುತ್ತೇನೆ. ಆದರೆ ಕೀಲು ಎಂಬುದನ್ನು ಬಾಯಿಬಿಟ್ಟು ವಿವರಿಸಿದ ಮೇಲಷ್ಟೇ ಅದು ಕೀಲಿನ ಹಾಗೆ ಕಂಡಿತು. ಲೋಗೊ ಪಕ್ಕದಲ್ಲಿ ದಿನಾ ನಾನು ನಿಂತಿರೋಕಾಗಲ್ಲ, ಅಲ್ವಾ? ಮೂರನೆಯದು ಹಸಿರು ಎಲೆ. ಅದಕ್ಕೆ ಯಾರೂ ಆಕ್ಷೇಪ ಹೇಳಲಿಲ್ಲ. ಯಾರೂ ಒಂದು ಮಾತೂ ಆಡಲಿಲ್ಲ. ಮೂರರಲ್ಲಿ ತೀರಾ ಸೋತದ್ದು ಅದೇ ಅಂತ ನನಗನ್ನಿಸುತ್ತದೆ.

ಹೀಗೇಕಾಯಿತು ಅಂತ ಹುಡುಕಿದರೆ ಸಿಕ್ಕಿದ್ದು ಕೆಲಸ ಶುರು ಮಾಡುವ ಮೊದಲು ನಾವು ಮಾಡಿಕೊಂಡ ಒಂದು ಪುಟದ ಟಿಪ್ಪಣಿ. ಅದರಲ್ಲಿ ಐದು ಪದಗಳಿವೆ: ಮಾಡರ್ನ್, ನಂಬಿಕೆ, ಆತ್ಮೀಯತೆ, ಸರಳ, ಪ್ರೀಮಿಯಂ. ಯಾವ ಕ್ಲಿನಿಕ್ಕಿಗೆ ಬೇಕಾದರೂ ಈ ಐದನ್ನು ಅಂಟಿಸಬಹುದು. ಆಗಲೇ ನಾನು "ಇಷ್ಟು ಸಾಲದು" ಅಂತ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಒಂದೊಂದು ಲೋಗೊಗೆ ಒಂದೆರಡು ಪದ ಹಂಚಿ ಮೂರು ಮಾಡಿ ತಂದೆ. ಸಾಲದ್ದಕ್ಕೆ ಕೊನೆಯಲ್ಲಿ "ಯಾವುದು ಇಷ್ಟ ಆಯ್ತು?" ಅಂತ ಕೇಳಿದೆ. ಹಾಗೆ ಕೇಳಿದರೆ ಮಾತು ಬಣ್ಣದ ಕಡೆಗೆ ಹೋಗುವುದು ಸಹಜ. ಅರ್ಧ ಗಂಟೆ ನಾವು ನೀಲಿಯೋ ಹಸಿರೋ ಅಂತಲೇ ಮಾತಾಡಿದೆವು. ಆ ತಪ್ಪು ನಿಮ್ಮದಲ್ಲ, ನನ್ನದು.

ಆದರೆ ಆವತ್ತು ಎದ್ದು ಹೊರಡುವಾಗ, ಲೋಗೊಗೆ ಸಂಬಂಧವೇ ಇಲ್ಲ ಅನ್ನುವ ಹಾಗೆ, ನೀವೊಂದು ವಿಷಯ ಹೇಳಿದಿರಿ. ಪೇಷಂಟ್ ಬಂದು ಕೂತ ತಕ್ಷಣ ಕೇಳುವ ಮೊದಲ ಪ್ರಶ್ನೆ "ಇವತ್ತು ಎಷ್ಟು?" ಅಂತ. ಗೋನಿಯೋಮೀಟರ್ ಹಿಡಿದು ಮೊಣಕಾಲು ಎಷ್ಟು ಡಿಗ್ರಿ ಮಡಚುತ್ತದೆ ಅಂತ ಅಳೆದು ಕಾರ್ಡಿನಲ್ಲಿ ಬರೆಯುತ್ತೀರಿ. ಹೋದ ವಾರ 70, ಈ ವಾರ 78. ನಡೆಯೋಕೆ ಸುಮಾರು 60 ಡಿಗ್ರಿ ಸಾಕು, ಮೆಟ್ಟಿಲಿಗೆ 90ರ ಆಸುಪಾಸು ಬೇಕು ಅಂತ ನೀವೇ ವಿವರಿಸಿದಿರಿ. ಒಬ್ಬ ಅಜ್ಜಿ ಆ ಕಾರ್ಡನ್ನು ಮನೆಯಲ್ಲಿ ಎಲ್ಲರಿಗೂ ಮಾರ್ಕ್ಸ್ ಕಾರ್ಡ್ ಥರ ತೋರಿಸುತ್ತಾರಂತೆ. ನಿಮ್ಮ ಜಾಗ ಬೇರೆಯವರಿಗಿಂತ ಹೇಗೆ ಭಿನ್ನ ಅಂತ ನಾನು ಮೂರು ವಾರದಿಂದ ಕೇಳುತ್ತಿದ್ದೆ. ಉತ್ತರ ಬಾಗಿಲ ಹತ್ತಿರ ಸಿಕ್ಕಿತು.

ಹಾಗಾಗಿ ಐದು ಪದಗಳನ್ನು ಬದಿಗಿಟ್ಟು ಒಂದೇ ಮಾತು ಹಿಡಿಯೋಣ ಅಂತ ನನ್ನ ಪ್ರಸ್ತಾಪ: "ಹೋದ ಸಲಕ್ಕಿಂತ ಇವತ್ತು ಎಷ್ಟು." ಇದು ಬೋರ್ಡಿನ ಮೇಲೆ ಬರೆಯುವ ಘೋಷಣೆ ಅಲ್ಲ. ನಮ್ಮ ಮೂವರ ಕೈಯಲ್ಲಿರುವ ಅಳತೆಗೋಲು. ಏನೇ ಮಾಡಿದರೂ ಇದಕ್ಕೆ ಹೊಂದುತ್ತದೆಯಾ ಅಂತ ಕೇಳಬಹುದು. ಜಿಗಿಯುವ ಮನುಷ್ಯ ಹೊಂದುವುದಿಲ್ಲ. ಎಲೆಯೂ ಅಷ್ಟೇ.

ಚಿತ್ರಕ್ಕೆ ಬಂದರೆ, ಗೋನಿಯೋಮೀಟರೇ ದಾರಿ ತೋರಿಸುತ್ತದೆ. ಅದರಲ್ಲಿ ಒಂದು ತೋಳು ನಿಂತಲ್ಲೇ ಇರುತ್ತದೆ, ಇನ್ನೊಂದು ತಿರುಗುತ್ತದೆ. ಮೊದಲು ನನಗೆ ಹೊಳೆದದ್ದು ಬಾಗಿಲ ಹಾಗೆ ತೆರೆದುಕೊಳ್ಳುವ ಕೋನ. ಆದರೆ ಕೂತು ಬರೆದಾಗ ಒಂದು ತೊಡಕು ಗೊತ್ತಾಯಿತು. ಭುಜದಲ್ಲಿ ಸುಧಾರಣೆ ಅಂದರೆ ಕೈ ದೇಹದಿಂದ ದೂರ ಹೋಗಿ ಕೋನ ತೆರೆಯುತ್ತದೆ. ಮೊಣಕಾಲು ಮಡಚುವಾಗ ತೊಡೆಯ ಗೆರೆ, ಕಾಲಿನ ಗೆರೆ ಹತ್ತಿರ ಬರುತ್ತವೆ. ಕಾರ್ಡಿನಲ್ಲಿ ಸಂಖ್ಯೆ ಏರುತ್ತಿರುತ್ತದೆ, ಚಿತ್ರದಲ್ಲಿ ಕೋನ ಚಿಕ್ಕದಾಗುತ್ತಿರುತ್ತದೆ! ಹಾಗಾಗಿ "ತೆರೆಯುವುದು" ಅನ್ನುವ ಕಲ್ಪನೆ ಅರ್ಧ ಪೇಷಂಟುಗಳಿಗೆ ಸುಳ್ಳು.

ಅದರ ಬದಲು ಮೂರು ಗೆರೆ. ಒಂದು ಅಲುಗಾಡದ ದಪ್ಪ ಗೆರೆ. ಅದೇ ಬಿಂದುವಿನಿಂದ ಹೊರಡುವ ಒಂದು ತೆಳು ಗೆರೆ, ಅದು ಹೋದ ಸಲದ್ದು. ಮತ್ತೊಂದು ದಪ್ಪ ಗೆರೆ, ಇವತ್ತಿನದ್ದು. ತೆಳುವಿಗೂ ದಪ್ಪಕ್ಕೂ ನಡುವೆ ಇರುವ ಆ ಚಿಕ್ಕ ಜಾಗವೇ ನೀವು ಮಾಡುವ ಕೆಲಸ. ಮೊಣಕಾಲು, ಭುಜ, ಮೊಣಕೈ, ಕುತ್ತಿಗೆ ಎಲ್ಲಕ್ಕೂ ಇದು ಒಪ್ಪುತ್ತದೆ. ಆ ಜಾಗವನ್ನು ಬೇಕಂತಲೇ ಚಿಕ್ಕದಾಗಿ ಇಡುತ್ತೇನೆ. ಬಾಣದ ಗುರುತು ಹಾಕುವುದಿಲ್ಲ. ಎಲ್ಲರಿಗೂ ಪೂರ್ತಿ ಗುಣವಾಗುತ್ತದೆ ಅಂತ ನೀವು ಯಾರಿಗೂ ಮಾತು ಕೊಡುವುದಿಲ್ಲ. ಲೋಗೊ ಕೂಡ ಕೊಡಬಾರದು.

ಇದರಲ್ಲಿ ಅಪಾಯಗಳೂ ಇವೆ. ಮೂರು ಗೆರೆ ಒಂದು ಬಿಂದುವಿನಲ್ಲಿ ಸೇರಿದರೆ ಗಡಿಯಾರದ ಮುಳ್ಳಿನ ಹಾಗೆ ಕಾಣಬಹುದು. ಕೋನ ಸ್ವಲ್ಪ ತಪ್ಪಿದರೆ ರೈಟ್ ಮಾರ್ಕ್ ಆಗಿಬಿಡುತ್ತದೆ. ಗೆರೆಗಳ ತುದಿ ದುಂಡಗೆ ಮಾಡಿ, ಸೇರುವ ಜಾಗದಲ್ಲಿ ಕೀಲಿನಂಥ ಸಣ್ಣ ಗುಂಡು ಇಟ್ಟರೆ ಇದು ತಪ್ಪುತ್ತದೆ ಅಂತ ನನ್ನ ಅಂದಾಜು. ಇನ್ನೊಂದು, ಬ್ರೌಸರ್ ಟ್ಯಾಬಿನಲ್ಲಿ 16 ಪಿಕ್ಸೆಲ್ ಅಳತೆಗೆ ಇಳಿಸಿದಾಗ ತೆಳು ಗೆರೆ ಉಳಿಯುವುದಿಲ್ಲ. ಅಲ್ಲಿಗೆ ಎರಡೇ ಗೆರೆಯ ಬೇರೆ ರೂಪ ಮಾಡಬೇಕಾಗುತ್ತದೆ. ರಬ್ಬರ್ ಸ್ಟಾಂಪಿಗೂ ಅದೇ ಆಗುತ್ತದೆ.

ಅಕ್ಷರಗಳ ವಿಚಾರ ಲೋಗೊಗಿಂತ ಮುಖ್ಯ ಅನ್ನುವವನು ನಾನು. ನಿಮ್ಮ ಪೇಷಂಟುಗಳು ಜಾಸ್ತಿ ನೋಡುವುದು ಬೋರ್ಡನ್ನಲ್ಲ, ಮನೆಗೆ ಕೊಟ್ಟು ಕಳಿಸುವ ವ್ಯಾಯಾಮದ ಹಾಳೆಯನ್ನು. ಅದನ್ನು ಚಾಪೆ ಮೇಲೆ ಇಟ್ಟು, ಕನ್ನಡಕ ಇಲ್ಲದೆ, ಮಲಗಿಕೊಂಡೇ ಓದುತ್ತಾರೆ. ಹೋದ ಸಲ ನಾನು ತೋರಿಸಿದ ಹಾಳೆಯಲ್ಲಿ ಬಿಳಿಯ ಮೇಲೆ ತಿಳಿ ಬೂದು ಅಕ್ಷರ ಇತ್ತು, `#999999`. ಪರದೆ ಮೇಲೆ ಚೆಂದ. ಆದರೆ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಬೆಳಕಿನ ವ್ಯತ್ಯಾಸ ಹೇಳುವ ಕಾಂಟ್ರಾಸ್ಟ್ ಅನುಪಾತ ಅಲ್ಲಿ 3:1 ಕೂಡ ದಾಟುವುದಿಲ್ಲ. ವೆಬ್ ಪುಟಗಳಿಗಿರುವ WCAG ಮಾನದಂಡದಲ್ಲಿ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5:1 ಕೇಳುತ್ತಾರೆ, ಮೇಲಿನ ಹಂತಕ್ಕೆ 7:1. ನಾವು ಪರದೆ, ಕಾಗದ ಎರಡಕ್ಕೂ 7:1 ಇಟ್ಟುಕೊಳ್ಳೋಣ. ಹಾಳೆಯ ಅಕ್ಷರ 14 ಪಾಯಿಂಟಿಗಿಂತ ಕಡಿಮೆ ಬೇಡ.

ನಿಮ್ಮ ಕೇಂದ್ರದ ಹೆಸರಿನಲ್ಲಿ ಎರಡು ಒತ್ತಕ್ಷರಗಳಿವೆ. ತುಂಬಾ ದಪ್ಪ ಫಾಂಟ್ ಹಾಕಿದರೆ ಅಕ್ಷರದ ಒಳಗಿನ ಸುಳಿಗಳು ಮುಚ್ಚಿಹೋಗುತ್ತವೆ. ಸಾಲುಗಳ ಮಧ್ಯೆ ಜಾಗ ಕಮ್ಮಿ ಮಾಡಿದರೆ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಆದ್ದರಿಂದ ಮಧ್ಯಮ ದಪ್ಪ, ಸಾಲಿಗೆ ಧಾರಾಳ ಜಾಗ. ಹೆಸರನ್ನು ಮೊದಲು ಕನ್ನಡದಲ್ಲೇ ಬರೆದು ಸರಿಮಾಡಿ, ಆಮೇಲೆ ಇಂಗ್ಲಿಷ್ ರೂಪವನ್ನು ಅದಕ್ಕೆ ಹೊಂದಿಸುತ್ತೇನೆ. ಹೋದ ಸಲ ಉಲ್ಟಾ ಮಾಡಿದ್ದೆ, ಅದಕ್ಕೇ ಕನ್ನಡ ಆಮೇಲೆ ತಂದು ತುರುಕಿದ ಹಾಗೆ ಕಾಣುತ್ತಿತ್ತು.

ಸರ್ ಒಂದು ಸಲಹೆ ಕಳಿಸಿದ್ದಾರೆ: ಮೊದಲನೆಯದರ ಬಣ್ಣ, ಎರಡನೆಯದರ ಉಂಗುರ, ಮೂರನೆಯದರ ಅಕ್ಷರ ಸೇರಿಸಿ ಒಂದು ಮಾಡಬಹುದಾ ಅಂತ. ಮಾಡಬಹುದು. ಆದರೆ ನಾನು ಬೇಡ ಅನ್ನುತ್ತೇನೆ. ಮೂರೂ ಬೇರೆ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರಗಳು, ಸೇರಿಸಿದರೆ ಯಾವ ಪ್ರಶ್ನೆಗೂ ಉತ್ತರವಾಗುವುದಿಲ್ಲ. ಹಳೆಯದರಲ್ಲಿ ಒಂದನ್ನೂ ಈ ಸಲ ವಾಪಸ್ ತರುವುದಿಲ್ಲ, ನನ್ನ ಇಷ್ಟದ ಉಂಗುರವನ್ನೂ ಸೇರಿ.

ಎರಡನೇ ಸುತ್ತು ಹೀಗಿರಲಿ. ಮುಂದಿನ ಗುರುವಾರ ಒಂದೇ ದಿಕ್ಕಿನ ಕರಡು ತರುತ್ತೇನೆ, ಕಪ್ಪು ಬಿಳುಪಿನಲ್ಲಿ ಮಾತ್ರ. ಬಣ್ಣ ಆಮೇಲಿನ ವಾರ. ಹೊಳೆಯುವ ಗಾಜಿನ ಗೋಡೆ ಮೇಲೆ ಲೋಗೊ ಕೂರಿಸಿದ ಚಿತ್ರಗಳೂ ಈ ಸಲ ಇರುವುದಿಲ್ಲ, ಅವು ಎಲ್ಲವನ್ನೂ ಚೆನ್ನಾಗಿ ಕಾಣಿಸುತ್ತವೆ. ಬದಲಿಗೆ ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆದ ಪೇಷಂಟ್ ಕಾರ್ಡ್, ವ್ಯಾಯಾಮದ ಹಾಳೆ, ಗೋಡೆಗೆ ಅಂಟಿಸಿ ರಸ್ತೆಯ ಆಚೆಯಿಂದ ನೋಡಲು ಬೋರ್ಡಿನ ಒಂದು ತುಂಡು. ನೋಡುವಾಗ "ಇಷ್ಟ ಆಯ್ತಾ" ಅನ್ನುವುದನ್ನು ಬಿಟ್ಟು "ಆ ಅಜ್ಜಿಗೆ ಇದು ತಮ್ಮದು ಅನ್ನಿಸುತ್ತದಾ" ಅಂತ ಕೇಳಿಕೊಳ್ಳಿ. ಆಗುವುದಾದರೆ ಹಾಳೆಯನ್ನು ಇಬ್ಬರು ಪೇಷಂಟುಗಳ ಕೈಗೇ ಕೊಟ್ಟು ನೋಡೋಣ, ನಾನು ಮೂಲೆಯಲ್ಲಿ ಸುಮ್ನೆ ಕೂತಿರುತ್ತೇನೆ.

ಅದಕ್ಕೆ ನಿಮ್ಮಿಂದ ಬೇಕಾದದ್ದು: ಈಗ ಬಳಸುತ್ತಿರುವ ಕಾರ್ಡಿನ ನಾಲ್ಕೈದು ಖಾಲಿ ಪ್ರತಿ, ಗೋನಿಯೋಮೀಟರಿನ ಒಂದು ಫೋಟೊ, ಮತ್ತು ಅಭಿಪ್ರಾಯ ಹೇಳುವುದು ಒಬ್ಬರೇ. ನೀವು, ಸರ್, ರಿಸೆಪ್ಶನಿನವರು ಮೊದಲು ಮಾತಾಡಿಕೊಂಡು ಒಟ್ಟಿಗೆ ಒಂದು ಮೇಲ್ ಕಳಿಸಿ. ಹೋದ ಸಲ ಮೂರು ಕಡೆಯಿಂದ ಬಂದ ವಾಟ್ಸಾಪ್ ಮೆಸೇಜುಗಳಲ್ಲಿ ಎರಡು ಒಂದಕ್ಕೊಂದು ವಿರುದ್ಧವಾಗಿದ್ದವು. ಒಪ್ಪಂದದಲ್ಲಿ ಎರಡು ತಿದ್ದುಪಡಿ ಸುತ್ತುಗಳಿವೆ. ತಪ್ಪು ನನ್ನ ಕಡೆಯದ್ದಾದ್ದರಿಂದ ಇದನ್ನು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ, ಎರಡೂ ಹಾಗೇ ಉಳಿದಿವೆ.

ಈ ದಿಕ್ಕೇ ಸರಿಯಿಲ್ಲ ಅನ್ನಿಸಿದರೆ ದಯವಿಟ್ಟು ಈಗಲೇ ಹೇಳಿ, ಶುಕ್ರವಾರದೊಳಗೆ. ನಾನು ಪೆನ್ಸಿಲ್ ಹಿಡಿಯುವುದು ಶನಿವಾರ.

ಮತ್ತೆ ಬೋರ್ಡಿನವರು ನನಗೂ ಫೋನ್ ಮಾಡಿದ್ದರು, ಫೈಲ್ ಯಾವಾಗ ಅಂತ. ಅವರಿಗೆ ಸದ್ಯಕ್ಕೆ ಫ್ರೇಮಿನ ಅಳತೆ ಮಾತ್ರ ಕೊಟ್ಟಿದ್ದೇನೆ. ಉದ್ಘಾಟನೆಯ ದಿನಕ್ಕೆ ಲೋಗೊ ಮುಗಿಯದಿದ್ದರೆ ಬಿಳಿ ಮೇಲೆ ಕಪ್ಪಿನಲ್ಲಿ ಹೆಸರು ಮಾತ್ರ ಬರೆಸಿ ಹಾಕೋಣ. ಅವಸರಕ್ಕೆ ಎಲೆಯ ಲೋಗೊವನ್ನು ಮಾತ್ರ ಅವರಿಗೆ ಕಳಿಸಬೇಡಿ.

ಇಂತಿ,
ನಿಮ್ಮ ಡಿಸೈನರ್